ಯಂತ್ರ ಒಂದೇ, ಲಾಭ ಎರಡು

ಬಿ.ಕಾಂ. ತರಗತಿಯ ಸ್ಥಿರಾಸ್ತಿ ಅಸೈನ್‌ಮೆಂಟಿನಲ್ಲಿ ಸಾಮಾನ್ಯವಾಗಿ ಬರುವ ಲೆಕ್ಕ ಹೀಗಿರುತ್ತದೆ. ಕಂಪನಿಯೊಂದು ಏಪ್ರಿಲ್ 1ರಂದು 10 ಲಕ್ಷ ರೂಪಾಯಿಯ ಯಂತ್ರ ಕೊಂಡಿದೆ. ಅದರ ಬಾಳಿಕೆ 10 ವರ್ಷ, ಕೊನೆಗೆ ಬರುವ ಗುಜರಿ ಬೆಲೆ 1 ಲಕ್ಷ. ಸವಕಳಿ ಕಳೆಯುವ ಮೊದಲು ವರ್ಷದ ಲಾಭ 5 ಲಕ್ಷ. ಎರಡೂ ಪದ್ಧತಿಯಲ್ಲಿ ಲಾಭ ಎಷ್ಟು, ತೆರಿಗೆ ಎಷ್ಟು?

ನೇರ ರೇಖಾ ಪದ್ಧತಿಯಲ್ಲಿ ಗುಜರಿ ಬೆಲೆ ಕಳೆದು ಉಳಿದ 9 ಲಕ್ಷವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 90,000 ರೂ. ಸವಕಳಿ, ಲಾಭ 4,10,000. ಇಳಿಕೆ ಶಿಲ್ಕಿನ ಪದ್ಧತಿಯಲ್ಲಿ ದರ ಶೇ. 20 ಎಂದಿಟ್ಟುಕೊಳ್ಳಿ. ಮೊದಲ ವರ್ಷ 2,00,000, ಎರಡನೇ ವರ್ಷ ಉಳಿದ 8 ಲಕ್ಷದ ಮೇಲೆ 1,60,000, ಆಮೇಲೆ 1,28,000. ಇಲ್ಲಿ ಮೊದಲ ವರ್ಷದ ಲಾಭ 3 ಲಕ್ಷ ಮಾತ್ರ. ಗುಜರಿ ಬೆಲೆಯನ್ನು ಈ ಪದ್ಧತಿಯಲ್ಲೂ ಮೊದಲೇ ಕಳೆದುಬಿಡುವವರಿದ್ದಾರೆ. ಅದು ತಪ್ಪು. ದರವನ್ನು ನಿಗದಿ ಮಾಡುವಾಗಲೇ ಗುಜರಿ ಬೆಲೆ ಲೆಕ್ಕಕ್ಕೆ ಬಂದಿರುತ್ತದೆ. ಶೇ. 20ರಂತೆ ಹತ್ತು ವರ್ಷ ಕಳೆದರೆ ಉಳಿಯುವುದು 1,07,374 ರೂ., ಅಂದರೆ ಹೆಚ್ಚುಕಡಿಮೆ ಆ ಒಂದು ಲಕ್ಷವೇ.

ಐದನೇ ವರ್ಷಕ್ಕೆ ಇಳಿಕೆ ಶಿಲ್ಕಿನ ಸವಕಳಿ 81,920ಕ್ಕೆ ಇಳಿದು, 90,000ಕ್ಕಿಂತ ಕಡಿಮೆಯಾಗುತ್ತದೆ. ಅಲ್ಲಿಂದ ಮುಂದೆ ಈ ಪದ್ಧತಿಯೇ ಹೆಚ್ಚು ಲಾಭ ತೋರಿಸುತ್ತದೆ. ಇಷ್ಟರವರೆಗೆ ಹೆಚ್ಚಿನವರು ಸರಿಯಾಗಿಯೇ ಬರುತ್ತಾರೆ. ಎಡವುವುದು ತೆರಿಗೆಯ ಸಾಲಿನಲ್ಲಿ.

4,10,000ಕ್ಕೆ ಶೇ. 25 ತೆರಿಗೆ 1,02,500, 3,00,000ಕ್ಕೆ 75,000, ಆದ್ದರಿಂದ ಇಳಿಕೆ ಶಿಲ್ಕು ಅನುಸರಿಸಿದರೆ 27,500 ರೂ. ತೆರಿಗೆ ಉಳಿತಾಯ ಎಂದು ಬರೆದು ಮುಗಿಸುತ್ತಾರೆ. ಭಾರತದಲ್ಲಿ ಈ ಉಳಿತಾಯ ಕಾಗದದ ಮೇಲಷ್ಟೇ. ಕಂಪನಿ ತನ್ನ ಪುಸ್ತಕದಲ್ಲಿ ಯಾವ ಪದ್ಧತಿ ಹಿಡಿಯಿತೆಂದು ಆದಾಯ ತೆರಿಗೆ ಕೇಳುವುದಿಲ್ಲ. ಅದಕ್ಕೆ ತನ್ನದೇ ಲೆಕ್ಕವಿದೆ. ವಿದ್ಯುತ್ ಉತ್ಪಾದಿಸುವ ಸಂಸ್ಥೆಗಳಂಥ ಕೆಲವರಿಗೆ ಮಾತ್ರ ನೇರ ರೇಖೆಯ ಆಯ್ಕೆಯಿದೆ. ಉಳಿದವರಿಗೆಲ್ಲ ಇಳಿಕೆ ಶಿಲ್ಕು ಒಂದೇ, ಸಾಮಾನ್ಯ ಯಂತ್ರೋಪಕರಣಕ್ಕೆ ಶೇ. 15.

ಹಾಗಾಗಿ ಮಾಡಬೇಕಾದದ್ದು ಇಷ್ಟು. ಪುಸ್ತಕದ ಲಾಭಕ್ಕೆ ಪುಸ್ತಕದ ಸವಕಳಿಯನ್ನು ಮರಳಿ ಕೂಡಿಸಿ, ತೆರಿಗೆ ನಿಯಮದ ಸವಕಳಿಯನ್ನು ಕಳೆಯಬೇಕು. ನೇರ ರೇಖೆಯಲ್ಲಿ 4,10,000ಕ್ಕೆ 90,000 ಕೂಡಿಸಿದರೂ, ಇಳಿಕೆ ಶಿಲ್ಕಿನಲ್ಲಿ 3,00,000ಕ್ಕೆ 2,00,000 ಕೂಡಿಸಿದರೂ ಬರುವುದು ಅದೇ 5 ಲಕ್ಷ. ಅದರಲ್ಲಿ 1,50,000 ಕಳೆದರೆ ತೆರಿಗೆಗೆ ಒಳಪಡುವ ಆದಾಯ 3,50,000. ಸರ್‌ಚಾರ್ಜ್, ಸೆಸ್ ಬದಿಗಿಟ್ಟರೆ ಕಟ್ಟಬೇಕಾದ ತೆರಿಗೆ ಎರಡರಲ್ಲೂ 87,500 ರೂಪಾಯಿ.

ಹಾಗಾದರೆ ನೇರ ರೇಖೆಯ ಲಾಭನಷ್ಟ ಪಟ್ಟಿಯಲ್ಲಿ ತೆರಿಗೆ ವೆಚ್ಚ 1,02,500 ಎಂದೇ ಕಾಣುವುದೇಕೆ? ಅದರಲ್ಲಿ 87,500 ಈಗ ಕಟ್ಟುವ ಹಣ. ಉಳಿದ 15,000 ಮುಂದೂಡಿದ ತೆರಿಗೆ. ಈ ವರ್ಷ ತೆರಿಗೆ ಲೆಕ್ಕದಲ್ಲಿ ಪುಸ್ತಕಕ್ಕಿಂತ 60,000 ಹೆಚ್ಚು ಸವಕಳಿ ಸಿಕ್ಕಿದೆ. ಮುಂದಿನ ವರ್ಷಗಳಲ್ಲಿ ಅಷ್ಟು ಕಡಿಮೆ ಸಿಗುತ್ತದೆ. ಆಗ ಕಟ್ಟಬೇಕಾದ ಶೇ. 25ನ್ನು ಈಗಲೇ ಹೊಣೆಯಾಗಿ ತೋರಿಸುತ್ತಾರೆ. ಪುಸ್ತಕದಲ್ಲೂ ಇಳಿಕೆ ಶಿಲ್ಕು ಹಿಡಿದಿದ್ದರೆ ಇದು ತಿರುಗುಮುರುಗು: ಪುಸ್ತಕದ ಸವಕಳಿಯೇ 50,000 ಹೆಚ್ಚು, ಆದ್ದರಿಂದ 12,500 ರೂ. ಮುಂದೂಡಿದ ತೆರಿಗೆ ಆಸ್ತಿ. ಅಸೈನ್‌ಮೆಂಟಿನಲ್ಲಿ ಈ ಸಾಲು ಇದೆಯೋ ಇಲ್ಲವೋ ನೋಡಿದರೆ ಸಾಕು, ಬರೆದವರಿಗೆ ವಿಷಯ ತಿಳಿದಿದೆಯೇ ಎಂಬುದು ಗೊತ್ತಾಗುತ್ತದೆ.

ಕೊಂಡ ದಿನಾಂಕವೂ ಆಟವಾಡಿಸುತ್ತದೆ. ಯಂತ್ರ ನವೆಂಬರ್ 1ಕ್ಕೆ ಓಡಲು ಶುರುವಾದರೆ ಪುಸ್ತಕದಲ್ಲಿ ಐದು ತಿಂಗಳ ಸವಕಳಿ, ನೇರ ರೇಖೆಯಲ್ಲಿ 37,500. ತೆರಿಗೆ ಲೆಕ್ಕ ತಿಂಗಳು ಎಣಿಸುವುದಿಲ್ಲ. ಕೊಂಡ ವರ್ಷದಲ್ಲಿ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅರ್ಧ ದರ, ಅಂದರೆ 75,000, ಇಲ್ಲವಾದರೆ ಪೂರ್ತಿ.

ಇನ್ನು ಮಾರಾಟ. ಏಪ್ರಿಲ್‌ನಲ್ಲಿ ಕೊಂಡ ಆ ಯಂತ್ರವನ್ನೇ ಮೂರು ವರ್ಷ ತುಂಬಿದಾಗ 6 ಲಕ್ಷಕ್ಕೆ ಮಾರಿದರೆ, ನೇರ ರೇಖೆಯ ಪುಸ್ತಕಬೆಲೆ 7,30,000 ಇರುವುದರಿಂದ 1,30,000 ನಷ್ಟ. ಇಳಿಕೆ ಶಿಲ್ಕಿನಲ್ಲಿ ಪುಸ್ತಕಬೆಲೆ 5,12,000, ಹಾಗಾಗಿ 88,000 ಲಾಭ. ಎರಡರಲ್ಲೂ ಕೊಂಡ ಬೆಲೆಯೂ ಅದೇ, ಮಾರಿದ ಬೆಲೆಯೂ ಅದೇ! ಮೂರು ವರ್ಷದ ಸವಕಳಿಯನ್ನೂ ಸೇರಿಸಿ ನೋಡಿದರೆ ಎರಡರಲ್ಲೂ ಒಟ್ಟು ಹೊರೆ 4 ಲಕ್ಷವೇ. ಅದು ಯಾವ ವರ್ಷದ ತಲೆಗೆ ಎಷ್ಟು ಬಿತ್ತು ಎಂಬುದಷ್ಟೇ ಬೇರೆ. ತೆರಿಗೆಯವರು ಈ ನಷ್ಟವನ್ನೂ ಒಪ್ಪುವುದಿಲ್ಲ, ಲಾಭವನ್ನೂ ಕೇಳುವುದಿಲ್ಲ. ಅವರಿಗೆ ಬಿಡಿ ಯಂತ್ರವೆಂಬುದಿಲ್ಲ, ಒಂದೇ ದರದ ಯಂತ್ರಗಳೆಲ್ಲ ಸೇರಿ ಒಂದು ಬ್ಲಾಕ್. ಬ್ಲಾಕಿನಲ್ಲಿ ಬೇರೆ ಯಂತ್ರಗಳಿದ್ದು ಮೊತ್ತವೂ ಉಳಿದಿದ್ದರೆ, ಅದರಿಂದ 6 ಲಕ್ಷ ಕಳೆದು ಉಳಿದದ್ದಕ್ಕೆ ಶೇ. 15 ಹಾಕುತ್ತಾರೆ.