ಹತ್ತು ಎಲೆಯ ಕಟ್ಟು, ಐದು ಎಲೆಯ ಕೈ

ರಮ್ಮಿ ಆಡುವಾಗ ಎಲ್ಲರೂ ಒಂದೇ ಕಟ್ಟಿನಿಂದ ಎಲೆ ಎತ್ತುತ್ತಾರೆ. ಡೆಕ್ ಬಿಲ್ಡಿಂಗ್ ಎಂಬ ಜಾತಿಯ ಆಟಗಳಲ್ಲಿ ಪ್ರತಿ ಆಟಗಾರನಿಗೂ ಅವನದೇ ಸಣ್ಣ ಕಟ್ಟು. ಆಡುತ್ತಾ ಆಡುತ್ತಾ ಹೊಸ ಎಲೆ ಕೊಂಡು ಅದನ್ನು ಬೆಳೆಸಿಕೊಳ್ಳುವುದೇ ಆಟ. ಅಮೆರಿಕದ ಡೊನಾಲ್ಡ್ ಎಕ್ಸ್. ವ್ಯಾಕರಿನೊ ರೂಪಿಸಿದ, 2008ರಲ್ಲಿ ಮಾರುಕಟ್ಟೆಗೆ ಬಂದ ‘ಡೊಮಿನಿಯನ್’ ಈ ಜಾತಿಗೆ ಹೆಸರು ತಂದುಕೊಟ್ಟಿತು. ಮರುವರ್ಷವೇ ಜರ್ಮನಿಯ ‘ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿಯನ್ನೂ ಗೆದ್ದಿತು. ಸಂಭವನೀಯತೆಯ ಲೆಕ್ಕವನ್ನು ಕಾಗದ ಪೆನ್ಸಿಲ್ಲಿನಲ್ಲೇ ಮಾಡಿ ನೋಡಲು ಇಷ್ಟು ಅನುಕೂಲವಾದ ಆಟ ಅಪರೂಪ.

ಆರಂಭದಲ್ಲಿ ಪ್ರತಿಯೊಬ್ಬರ ಕಟ್ಟಿನಲ್ಲೂ ಹತ್ತೇ ಎಲೆ. ಏಳು ‘ಕಾಪರ್’, ಒಂದೊಂದೂ ಒಂದು ನಾಣ್ಯಕ್ಕೆ ಸಮ. ಮೂರು ‘ಎಸ್ಟೇಟ್’, ಕೊನೆಯಲ್ಲಿ ಅಂಕ ಕೊಡುತ್ತವೆ, ಅಲ್ಲಿಯವರೆಗೆ ಯಾವ ಉಪಯೋಗಕ್ಕೂ ಬಾರದೆ ಕೈಯಲ್ಲಿ ಜಾಗ ತಿನ್ನುತ್ತವೆ. ಕಟ್ಟನ್ನು ಕಲೆಸಿ ಸರದಿಗೆ ಐದು ಎಲೆ ಎತ್ತಬೇಕು. ಕೈಯಲ್ಲಿರುವ ನಾಣ್ಯಕ್ಕೆ ತಕ್ಕ ಎಲೆ ಕೊಳ್ಳಬೇಕು. ಆಡಿದ್ದು, ಉಳಿದದ್ದು, ಹೊಸದಾಗಿ ಕೊಂಡದ್ದು ಎಲ್ಲವೂ ಪಕ್ಕದ ರಾಶಿಗೆ ಹೋಗುತ್ತದೆ. ಕಟ್ಟು ಮುಗಿದಾಗ ಆ ರಾಶಿಯನ್ನೇ ಕಲೆಸಿ ಹೊಸ ಕಟ್ಟು ಮಾಡಿಕೊಳ್ಳಬೇಕು.

ದಾಳಕ್ಕೂ ಎಲೆಗೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ದಾಳಕ್ಕೆ ನೆನಪಿಲ್ಲ, ಈ ಸಲ ಆರು ಬಿದ್ದರೂ ಮುಂದಿನ ಸಲ ಆರು ಬೀಳುವ ಸಾಧ್ಯತೆ ಅಷ್ಟೇ. ಕಟ್ಟಿಗೆ ನೆನಪಿದೆ. ಒಮ್ಮೆ ಕೈಗೆ ಬಂದ ಎಲೆ ಮತ್ತೆ ಕಲೆಸುವವರೆಗೂ ಬರುವುದಿಲ್ಲ.

ಹಾಗಾಗಿ ಮೊದಲ ಎರಡು ಸರದಿಗಳಲ್ಲಿ ಆ ಹತ್ತು ಎಲೆಗಳೂ ಬಂದೇ ಬರುತ್ತವೆ. ಏಳು ನಾಣ್ಯ ನಾಲ್ಕು–ಮೂರಾಗಿ ಒಡೆಯಬಹುದು, ಇಲ್ಲವೇ ಐದು–ಎರಡಾಗಿ. ಐದು ನಾಣ್ಯ ಒಟ್ಟಿಗೆ ಸಿಗಬೇಕಾದರೆ ಮೂರೂ ಎಸ್ಟೇಟ್‌ಗಳು ಒಂದೇ ಕೈಗೆ ಬೀಳಬೇಕು. ಮೊದಲ ಎಸ್ಟೇಟ್ ಎಲ್ಲಿ ಬಿದ್ದರೂ ಸರಿ. ಎರಡನೆಯದಕ್ಕೆ ಉಳಿದ ಒಂಬತ್ತು ಜಾಗಗಳಲ್ಲಿ ಅದೇ ಕೈಯಲ್ಲಿರುವುದು ನಾಲ್ಕು. ಮೂರನೆಯದಕ್ಕೆ ಎಂಟರಲ್ಲಿ ಮೂರು. ಒಂಬತ್ತರಲ್ಲಿ ನಾಲ್ಕನ್ನು ಎಂಟರಲ್ಲಿ ಮೂರರಿಂದ ಗುಣಿಸಿದರೆ ಸರಿಯಾಗಿ ಆರರಲ್ಲಿ ಒಂದು. ಐದು ನಾಣ್ಯದ ದುಬಾರಿ ಎಲೆಯನ್ನೇ ನೆಚ್ಚಿ ಯೋಜನೆ ಹಾಕಿದವನು ಆರು ಆಟಗಳಲ್ಲಿ ಸರಾಸರಿ ಐದರಲ್ಲಿ ಮೊದಲ ಹೆಜ್ಜೆಯಲ್ಲೇ ದಾರಿ ಬದಲಿಸಬೇಕಾಗುತ್ತದೆ.

ಹೊಸಬರು ಎಡವುವುದು ಇದರ ಮುಂದಿನ ಹಂತದಲ್ಲಿ. ಆಟದಲ್ಲಿ ‘ಆ್ಯಕ್ಷನ್’ ಎಂಬ ಬಗೆಯ ಎಲೆಗಳಿವೆ. ಬೇರೆ ಎಲೆಯ ಅನುಮತಿ ಇಲ್ಲದಿದ್ದರೆ ಸರದಿಗೆ ಒಂದೇ ಆ್ಯಕ್ಷನ್ ಆಡಬಹುದು. ನಾಲ್ಕು ನಾಣ್ಯ ಕೊಟ್ಟು ‘ಮಿಲಿಷಿಯಾ’, ಮೂರು ಕೊಟ್ಟು ‘ವರ್ಕ್‌ಶಾಪ್’ ಕೊಂಡರು ಎನ್ನೋಣ. ಎರಡೂ ಒಳ್ಳೆಯ ಎಲೆಗಳೇ. ಈಗ ಕಟ್ಟಿನಲ್ಲಿ ಹನ್ನೆರಡು ಎಲೆ, ಮುಂದಿನ ಎರಡು ಸರದಿಗೆ ಬರುವುದು ಹತ್ತು. ಆ ಎರಡೂ ಒಂದೇ ಕೈಗೆ ಬಂದು ಒಂದು ವ್ಯರ್ಥವಾಗುವ ಸಾಧ್ಯತೆ ನೂರಕ್ಕೆ 30. ಅವುಗಳಲ್ಲಿ ಕನಿಷ್ಠ ಒಂದು ಕಟ್ಟಿನ ತಳದ ಎರಡು ಎಲೆಗಳಲ್ಲಿ ಸಿಕ್ಕಿಕೊಂಡು ಆ ಸುತ್ತಿನಲ್ಲಿ ಬಾರದೇ ಹೋಗುವ ಸಾಧ್ಯತೆ ನೂರಕ್ಕೆ ಸುಮಾರು 32. ಎರಡೂ ಬೇರೆ ಬೇರೆ ಸರದಿಯಲ್ಲಿ ಬಂದು ಕೊಂಡವನ ಮನಸ್ಸಿನಲ್ಲಿದ್ದಂತೆ ಆಟ ನಡೆಯುವುದು ನೂರರಲ್ಲಿ ಸುಮಾರು 38 ಸಲ ಮಾತ್ರ. ಒಂದು ಆ್ಯಕ್ಷನ್, ಒಂದು ‘ಸಿಲ್ವರ್’ ಕೊಂಡಿದ್ದರೆ ಒಂದೇ ಕೈಗೆ ಬಂದರೂ ನಷ್ಟವಿಲ್ಲ. ಎರಡು ನಾಣ್ಯಕ್ಕೆ ಸಮನಾದ ಸಿಲ್ವರ್ ಯಾವ ಎಲೆಯ ಜೊತೆಗೂ ಜಗಳಕ್ಕೆ ಬರುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ. ಒಂದು ಕಟ್ಟು ನೆಚ್ಚಿಕೊಳ್ಳುವಂಥದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಆಟದ ದೊಡ್ಡ ಬಹುಮಾನ ‘ಪ್ರಾವಿನ್ಸ್’. ಅದರ ಬೆಲೆ ಎಂಟು ನಾಣ್ಯ, ಅದು ಕೊಡುವುದು ಆರು ಅಂಕ. ಐದು ಎಲೆಯಲ್ಲಿ ಎಂಟು ನಾಣ್ಯ ಬರಬೇಕಾದರೆ ಎಲೆಗೆ ಸರಾಸರಿ 1.6 ನಾಣ್ಯ ಬೇಕು. ಅನೇಕರು ಈ ಸರಾಸರಿಯನ್ನಷ್ಟೇ ನೋಡಿ ಕಟ್ಟು ಸಿದ್ಧವಾಯಿತು ಎಂದುಕೊಳ್ಳುತ್ತಾರೆ.

ಎರಡು ಕಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ಎಂಟು ಸಿಲ್ವರ್, ಎರಡು ಎಸ್ಟೇಟ್. ಎರಡನೆಯದರಲ್ಲಿ ಮೂರು ನಾಣ್ಯದ ‘ಗೋಲ್ಡ್’ ಐದು, ಕಾಪರ್ ಒಂದು, ಎಸ್ಟೇಟ್ ನಾಲ್ಕು. ಎರಡರಲ್ಲೂ ಹತ್ತು ಎಲೆ, ಎರಡರಲ್ಲೂ ಒಟ್ಟು ಹದಿನಾರು ನಾಣ್ಯ. ಸರಾಸರಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಮೊದಲ ಕಟ್ಟು ಎಂಟನ್ನು ಮುಟ್ಟದೇ ಹೋಗುವುದು ಎರಡೂ ಎಸ್ಟೇಟ್ ಒಂದೇ ಕೈಗೆ ಬಂದಾಗ ಮಾತ್ರ, ಆಗ ಸಿಗುವುದು ಆರು ನಾಣ್ಯ. ಹೀಗಾಗುವುದು ಒಂಬತ್ತರಲ್ಲಿ ಎರಡು ಸಲ. ಅಂದರೆ ನೂರರಲ್ಲಿ ಸುಮಾರು 78 ಕೈಗಳು ಪ್ರಾವಿನ್ಸ್ ಕೊಳ್ಳಲು ಶಕ್ತ. ಎರಡನೆಯ ಕಟ್ಟಿನಲ್ಲಿ ಎರಡು ಗೋಲ್ಡ್ ಮತ್ತು ಕಾಪರ್ ಸೇರಿದರೂ ಏಳೇ ನಾಣ್ಯ, ಒಂದು ಕಡಿಮೆ. ಮೂರು ಗೋಲ್ಡ್ ಬರಲೇಬೇಕು. ಹತ್ತರಲ್ಲಿ ಗೋಲ್ಡ್ ಐದು, ಎತ್ತುವುದೂ ಐದು. ಆದ್ದರಿಂದ ಮೂರೋ ಅದಕ್ಕಿಂತ ಹೆಚ್ಚೋ ಬರುವ ಸಾಧ್ಯತೆ ಸರಿಯಾಗಿ ಅರ್ಧ. ಗೋಲ್ಡ್ ಕಟ್ಟಿನಲ್ಲಿ ಕೆಲವೊಮ್ಮೆ ಹದಿನೈದು ನಾಣ್ಯವೂ ಒಂದೇ ಕೈಗೆ ಬರುತ್ತದೆ, ನೋಡಲು ಚೆಂದ. ಆದರೆ ಸರದಿಗೆ ಒಂದೇ ಕೊಳ್ಳುವ ಅವಕಾಶವಿದ್ದಾಗ ಎಂಟರ ಮೇಲಿನ ಏಳು ನಾಣ್ಯ ಯಾವ ಕೆಲಸಕ್ಕೂ ಬಾರದು, ಮರುಸರದಿಗೆ ಉಳಿಸಿಕೊಳ್ಳಲೂ ಆಗದು. ಆ ಕೈ ಪೋಲು ಮಾಡಿದ ನಾಣ್ಯದ ಕೊರತೆ ಇನ್ನೊಂದು ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಅನುಭವಿಗಳು ಇದಕ್ಕಾಗಿಯೇ ಸರಾಸರಿಯ ಜೊತೆಗೆ ಅದರ ಸುತ್ತಲಿನ ಹರಡನ್ನೂ ನೋಡುತ್ತಾರೆ. ಕಟ್ಟು ಸರಾಸರಿ ಎಷ್ಟು ಕೊಡುತ್ತದೆ ಎನ್ನುವುದಕ್ಕಿಂತ ಬೇಕಾದ ಗುರಿಯನ್ನು ನೂರರಲ್ಲಿ ಎಷ್ಟು ಸಲ ಮುಟ್ಟುತ್ತದೆ ಎಂಬುದು ಅವರ ಅಳತೆಗೋಲು.

ಕಟ್ಟು ದೊಡ್ಡದಾಗಿ, ಎಲೆಗಳ ಬಗೆ ಹೆಚ್ಚಿದಂತೆ ಕೈಲೆಕ್ಕ ಕಷ್ಟ. ಆಗ ನೆರವಿಗೆ ಬರುವುದು ಪ್ರಯೋಗ. ಕಟ್ಟನ್ನು ಚೆನ್ನಾಗಿ ಕಲೆಸಿ ಐದು ಎಲೆ ಎತ್ತಿ, ಗುರಿ ಮುಟ್ಟಿತೋ ಇಲ್ಲವೋ ಬರೆದು, ಎಲೆಗಳನ್ನು ಹಿಂದಕ್ಕೆ ಸೇರಿಸಿ ಮತ್ತೆ ಕಲೆಸಬೇಕು. ಇಪ್ಪತ್ತು ಸಲ ಮಾಡಿದರೆ ಸಾಕೆನಿಸುತ್ತದೆ, ಸಾಲದು. ಮೇಲಿನ ಸಿಲ್ವರ್ ಕಟ್ಟು ಇಪ್ಪತ್ತರಲ್ಲಿ 12ರಿಂದ 19 ಸಲ ಗೆಲ್ಲುವುದು ಸಹಜ, ಗೋಲ್ಡ್ ಕಟ್ಟು 6ರಿಂದ 14. ಹದಿಮೂರು ಗೆಲುವು ಕಂಡವನು ಕೈಯಲ್ಲಿರುವುದು ಯಾವ ಗುಣದ ಕಟ್ಟು ಎಂದು ಹೇಳಲಾರ. ನೂರು ಸಲ ಎತ್ತಿದರೆ ಒಂದು 70ರಿಂದ 86ರೊಳಗೆ, ಇನ್ನೊಂದು 40ರಿಂದ 60ರೊಳಗೆ ನಿಲ್ಲುತ್ತದೆ. ಆಗ ವ್ಯತ್ಯಾಸ ಸ್ಪಷ್ಟ. ಒಂದು ಸಂಜೆಯ ಮೂರು ಸೋಲು ನೋಡಿ ಕಟ್ಟನ್ನೇ ಬದಲಿಸುವವರು ಮರೆಯುವುದು ಇದನ್ನೇ.

ಈ ಅಂಕಿಗಳಿಗೂ ಒಂದು ಮಿತಿಯಿದೆ. ಗುರಿ ಮುಟ್ಟಿದ ಕ್ಷಣದಿಂದಲೇ ಕಟ್ಟು ಬೇರೆಯಾಗುತ್ತದೆ. ಕೊಂಡ ಪ್ರಾವಿನ್ಸ್ ಕೂಡ ಎಸ್ಟೇಟ್‌ನಂತೆ ನಾಣ್ಯ ಕೊಡದ ಎಲೆ, ಅದು ರಾಶಿಯ ಮೂಲಕ ಕಟ್ಟಿಗೇ ಬಂದು ಸೇರುತ್ತದೆ. ಒಂದು ಪ್ರಾವಿನ್ಸ್ ಸೇರಿ ಹನ್ನೊಂದು ಎಲೆಯಾದ ಸಿಲ್ವರ್ ಕಟ್ಟಿನ ಗೆಲುವು ನೂರಕ್ಕೆ 78ರಿಂದ 58ಕ್ಕೆ ಇಳಿಯುತ್ತದೆ. ಗೋಲ್ಡ್ ಕಟ್ಟಿನದು 50ರಿಂದ 39ಕ್ಕೆ. ಎರಡೂ ಕುಗ್ಗುತ್ತವೆ, ಸಿಲ್ವರ್ ಕಟ್ಟು ಇನ್ನೂ ಮುಂದೆಯೇ ಇರುತ್ತದೆ, ಆದರೆ ಅಂತರ ಕಿರಿದಾಗುತ್ತದೆ. ಅದಕ್ಕೇ ಪಳಗಿದ ಆಟಗಾರ ಮೊದಲ ಪ್ರಾವಿನ್ಸ್‌ಗೆ ಕೈ ಹಾಕುವ ಮುನ್ನ ಮೇಜಿನ ಮೇಲೆ ಇನ್ನೆಷ್ಟು ಪ್ರಾವಿನ್ಸ್ ಉಳಿದಿವೆ ಎಂದು ಎಣಿಸುತ್ತಾನೆ. ಆಟ ಇನ್ನೂ ಹತ್ತು ಸರದಿ ನಡೆಯುವಂತಿದ್ದರೆ, ಆ ಎಂಟು ನಾಣ್ಯದಲ್ಲಿ ಇನ್ನೊಂದು ಗೋಲ್ಡ್ ಕೊಳ್ಳುವುದು ಮೇಲೇ ಎಂದು ಲೆಕ್ಕ ಹಾಕುತ್ತಾನೆ.