ಅವನೋ, ಅವಳೋ, ಅವರೋ?

ನಿಮ್ಮಲ್ಲಿ ಅನೇಕರು ಕತೆ ಬರೆಯುವುದು ಇಂಗ್ಲಿಷಿನಲ್ಲಿ. ಆಮೇಲೆ ಸಂಘದ ಸಂಚಿಕೆಗೆಂದೋ, ವಾರ್ಷಿಕೋತ್ಸವದ ನಾಟಕಕ್ಕೆಂದೋ ಅದನ್ನು ಕನ್ನಡಕ್ಕೆ ತರುತ್ತೀರಿ. ಹೀಗೆ ತರುವಾಗ ಕಠಿಣ ಪದಗಳು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಅವಕ್ಕೆ ನಿಘಂಟು ಇದೆ. ತೊಂದರೆ ಕೊಡುವುದು ‘ಕೇಮ್’ ಎಂಬಂಥ ಪುಟ್ಟ ಪದ. ಬಂದದ್ದು ಗಂಡೋ ಹೆಣ್ಣೋ ಎಂದು ಇಂಗ್ಲಿಷಿನ ಈ ಕ್ರಿಯಾಪದ ಹೇಳುವುದಿಲ್ಲ. ಕನ್ನಡದಲ್ಲಾದರೋ ಬಂದನು, ಬಂದಳು, ಬಂದರು, ಬಂದಿತು ಇವುಗಳಲ್ಲಿ ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ. ಮೂಲದಲ್ಲಿ ಇಲ್ಲದ ಒಂದು ಸಂಗತಿಯನ್ನು ನೀವೇ ಸೇರಿಸಬೇಕಾಗುತ್ತದೆ.

ಒಂದು ಉದಾಹರಣೆ ನೋಡೋಣ. ಇಂಗ್ಲಿಷ್ ಕತೆಯೊಂದು ಹೀಗೆ ಆರಂಭವಾಗುತ್ತದೆ ಎಂದಿಟ್ಟುಕೊಳ್ಳಿ: ‘ಮೈ ಕಸಿನ್ ಈಸ್ ಎ ಡಾಕ್ಟರ್ ಇನ್ ಡೊಂಬಿವಲಿ. ಲೇಟ್ ಒನ್ ನೈಟ್ ಎ ಪೇಶೆಂಟ್ ಕೇಮ್, ಕ್ಯಾರಿಯಿಂಗ್ ಎ ಬೇಬಿ. ದ ಬೇಬಿ ವಾಸ್ ಕ್ರೈಯಿಂಗ್. ದ ನರ್ಸ್ ಹ್ಯಾಡ್ ಲೆಫ್ಟ್.’ ಅವಸರದಲ್ಲಿ ಅನುವಾದಿಸಿದರೆ ಹೀಗಾಗುತ್ತದೆ: ‘ನನ್ನ ಕಸಿನ್ ಡೊಂಬಿವಲಿಯಲ್ಲಿ ಡಾಕ್ಟರ್ ಆಗಿದ್ದಾನೆ. ಒಂದು ದಿನ ತಡರಾತ್ರಿ ರೋಗಿಯೊಬ್ಬಳು ಮಗುವನ್ನೆತ್ತಿಕೊಂಡು ಬಂದಳು. ಮಗು ಅಳುತ್ತಿತ್ತು. ನರ್ಸ್ ಹೊರಟುಹೋಗಿದ್ದಳು.’

ಓದಲು ಸರಾಗವಾಗಿದೆ. ಆದರೆ ಡಾಕ್ಟರು ಗಂಡಸು ಎಂದು ಇಂಗ್ಲಿಷ್ ಎಲ್ಲಿ ಹೇಳಿತು? ನರ್ಸ್ ಹೆಂಗಸು ಎಂದು, ಮಗು ಎತ್ತಿಕೊಂಡವರು ಹೆಂಗಸು ಎಂದು ಎಲ್ಲಿತ್ತು? ಈ ಮೂರನ್ನೂ ಸೇರಿಸಿದ್ದು ನಮ್ಮ ಊಹೆ. ಕೆಲಸವನ್ನು ನೋಡಿ ಗಂಡು ಹೆಣ್ಣು ನಿರ್ಧರಿಸುವ ನಮ್ಮ ಹಳೆಯ ಅಭ್ಯಾಸ ಕ್ರಿಯಾಪದದ ಬಾಲ ಹಿಡಿದು ಒಳಗೆ ಬಂದುಬಿಟ್ಟಿತು. ಕೊನೆಯ ಪುಟದಲ್ಲಿ ಆ ರೋಗಿ ಮಗುವಿನ ತಂದೆ ಎಂದು ತಿಳಿಯುವ ಕತೆ ಅದಾಗಿದ್ದರೆ? ‘ಬಂದಳು’ ಎಂಬ ಒಂದೇ ಪದದಿಂದ ಕತೆ ಕೆಟ್ಟಿತು.

ಆದ್ದರಿಂದ ಮೊದಲ ಕೆಲಸ, ಇಡೀ ಕತೆಯನ್ನು ಓದಿ ಮುಗಿಸುವುದು. ಮೂರನೆಯ ಪುಟದಲ್ಲಿ ‘ಹರ್ ಸ್ಟೆತಸ್ಕೋಪ್’ ಎಂದು ಸಿಕ್ಕಿದರೆ ಡಾಕ್ಟರು ಹೆಣ್ಣು ಎಂದು ಗೊತ್ತಾಯಿತು. ಆದರೂ ‘ಕಸಿನ್’ ಬಗೆಹರಿಯಲಿಲ್ಲ. ನಮ್ಮಲ್ಲಿ ಚಿಕ್ಕಪ್ಪನ ಮಗಳು ಅಕ್ಕ ಅಥವಾ ತಂಗಿ. ಸೋದರಮಾವನ ಮಗಳಾದರೆ ಸಂಬಂಧವೇ ಬೇರೆ, ಕರೆಯುವ ರೀತಿಯೂ ಬೇರೆ. ಬರೆದವರು ಸಿಗುವಂತಿದ್ದರೆ ಕೇಳಿಬಿಡಿ, ಅದರಲ್ಲಿ ಸಂಕೋಚ ಬೇಡ. ಸಿಗದಿದ್ದರೆ ‘ನಮ್ಮ ಸಂಬಂಧಿಕರೊಬ್ಬರು’ ಎನ್ನಬಹುದು. ಆದರೆ ಒಟ್ಟಿಗೆ ಆಡಿ ಬೆಳೆದವರ ಸಲಿಗೆ ಆ ಮಾತಿನಲ್ಲಿ ಉಳಿಯುವುದಿಲ್ಲ.

ಕತೆಯಲ್ಲಿ ಎಲ್ಲಿಯೂ ಸುಳಿವು ಇಲ್ಲದಿದ್ದರೆ, ಅಥವಾ ಸುಳಿವನ್ನು ಕೊನೆಯವರೆಗೆ ಬಚ್ಚಿಡಬೇಕಾಗಿದ್ದರೆ, ಕನ್ನಡದಲ್ಲಿಯೇ ದಾರಿಗಳಿವೆ. ಎಲ್ಲರಿಗೂ ಗೊತ್ತಿರುವ ದಾರಿ ಗೌರವದ ಬಹುವಚನ. ‘ಬಂದರು’ ಎಂದರೆ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಇದೀಗ ಇಂಗ್ಲಿಷಿನವರು ಒಬ್ಬ ವ್ಯಕ್ತಿಗೂ ‘ದೇ’ ಎಂದು ಬಳಸುತ್ತಾರಲ್ಲ, ಅಲ್ಲಿಯೂ ನಮ್ಮ ‘ಅವರು’ ಒದಗಿಬರುತ್ತದೆ. ಆದರೆ ಬರೀ ‘ಬಂದರು’ ಎಂದರೆ ಬಂದವರು ಒಬ್ಬರೋ ಹತ್ತು ಜನರೋ ತಿಳಿಯದು. ಅದಕ್ಕೆ ‘ರೋಗಿಯೊಬ್ಬರು ಬಂದರು’ ಎಂದು ‘ಒಬ್ಬರು’ ಸೇರಿಸಬೇಕು. ಇನ್ನೊಂದು ಮಿತಿ, ಇದು ಗೌರವವನ್ನೂ ಜೊತೆಗೇ ತರುತ್ತದೆ. ‘ಕಳ್ಳರೊಬ್ಬರು ಕಿಟಕಿಯಿಂದ ಒಳಗೆ ಬಂದರು’ ಎಂದು ಬರೆದರೆ ಓದುವವರು ನಗುತ್ತಾರೆ. ಹನ್ನೆರಡು ವರ್ಷದ ಗೆಳೆಯನಿಗೋ ಗೆಳತಿಗೋ ‘ಬಂದರು’ ಎಂದರೂ ಹಾಗೆಯೇ.

ಅಂಥಲ್ಲಿ ವಾಕ್ಯದ ರಚನೆಯನ್ನೇ ಬದಲಿಸಿ. ಕನ್ನಡದಲ್ಲಿ ಲಿಂಗ ಮುಖ್ಯವಾಗಿ ಕಾಣುವುದು ವಾಕ್ಯದ ಕೊನೆಯ ಕ್ರಿಯಾಪದದಲ್ಲಿ ಮತ್ತು ಅವನು, ಅವಳು, ಒಬ್ಬ, ಒಬ್ಬಳು ಇಂಥ ಪದಗಳಲ್ಲಿ. ‘ಬಂದು’, ‘ಬಂದ ರೋಗಿ’, ‘ಬಂದಾಗ’ ಇವುಗಳಲ್ಲಿ ಕಾಣುವುದಿಲ್ಲ. ‘ರೋಗಿಗೆ ಜ್ವರ ಬಂದಿತ್ತು’ ಎಂದರೆ ಕ್ರಿಯಾಪದ ಜ್ವರಕ್ಕೆ ಹೊಂದಿಕೊಳ್ಳುತ್ತದೆ, ರೋಗಿಗಲ್ಲ. ‘ಕಳ್ಳರೊಬ್ಬರು ಬಂದರು’ ಎನ್ನುವ ಬದಲು ‘ಕಿಟಕಿಯಲ್ಲಿ ನೆರಳೊಂದು ಕಾಣಿಸಿತು’ ಎನ್ನಿ. ಮಗುವಿನ ವಿಷಯದಲ್ಲಂತೂ ಕನ್ನಡ ಉದಾರಿ. ‘ಮಗು ಅಳುತ್ತಿತ್ತು’ ಎಂದರೆ ಸಾಕು. ಈಗ ನಮ್ಮ ನಾಲ್ಕು ವಾಕ್ಯಗಳು ಹೀಗಾಗುತ್ತವೆ: ‘ಡೊಂಬಿವಲಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳು ಡಾಕ್ಟರು. ಒಂದು ದಿನ ತಡರಾತ್ರಿ ಮಗುವನ್ನೆತ್ತಿಕೊಂಡು ರೋಗಿಯೊಬ್ಬರು ಬಂದರು. ಮಗು ಅಳುತ್ತಿತ್ತು. ನರ್ಸ್ ಡ್ಯೂಟಿ ಆಗಲೇ ಮುಗಿದಿತ್ತು.’ ಕೊನೆಯ ವಾಕ್ಯದಲ್ಲಿ ಮುಗಿದದ್ದು ಡ್ಯೂಟಿ. ನರ್ಸ್ ಯಾರೆಂದು ಹೇಳುವ ಗೋಜೇ ಬರಲಿಲ್ಲ.

ಇನ್ನು ‘ನಾನು’ ಎಂಬ ಪದ. ಇಲ್ಲಿ ಕನ್ನಡ ಇಂಗ್ಲಿಷಿನಂತೆಯೇ ನಿರಾಳ. ‘ನಾನು ಹೋದೆ’ ಎಂದು ಅಣ್ಣನೂ ಹೇಳಬಹುದು, ತಂಗಿಯೂ ಹೇಳಬಹುದು. ಆದರೆ ನೀವು ಮುಂಬಯಿಯವರು, ಕನ್ನಡದ ಕತೆಯನ್ನು ಮರಾಠಿ ಗೆಳೆಯರಿಗಾಗಿ ಅನುವಾದಿಸುವ ಪ್ರಸಂಗವೂ ಬಂದೀತು. ಆಗ ‘ಮೀ ಗೇಲೋ’ ಎಂದರೆ ಗಂಡು, ‘ಮೀ ಗೇಲೇ’ ಎಂದರೆ ಹೆಣ್ಣು. ಹಿಂದಿಯಲ್ಲಿ ‘ಮೈಂ ಗಯಾ’, ‘ಮೈಂ ಗಯೀ’. ಜೀನೆಟ್ ವಿಂಟರ್‌ಸನ್ 1992ರಲ್ಲಿ ಪ್ರಕಟಿಸಿದ ‘ರಿಟನ್ ಆನ್ ದ ಬಾಡಿ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಕತೆ ಹೇಳುವ ‘ನಾನು’ ಗಂಡೋ ಹೆಣ್ಣೋ ಕೊನೆಯವರೆಗೂ ತಿಳಿಯುವುದಿಲ್ಲ. ಆ ಗುಟ್ಟನ್ನು ಕನ್ನಡದಲ್ಲಿ ಹೆಚ್ಚು ಕಷ್ಟವಿಲ್ಲದೆ ಕಾಯಬಹುದು. ಹಿಂದಿ, ಮರಾಠಿಗಳಲ್ಲಿ ಪ್ರತಿ ಹೆಜ್ಜೆಗೂ ಎಚ್ಚರ ಬೇಕು. ಅಲ್ಲಿಯೂ ಸಂದುಗಳಿವೆ ಎನ್ನಿ. ‘ಮೈಂನೇ ರೋಟೀ ಖಾಯೀ’, ‘ಮೀ ಭಾಕರೀ ಖಾಲ್ಲೀ’ ಎಂದರೆ ಕ್ರಿಯಾಪದ ರೊಟ್ಟಿಗೆ ಹೊಂದಿಕೊಳ್ಳುತ್ತದೆ, ತಿಂದವರಿಗಲ್ಲ. ಮರಾಠಿಯ ‘ಮೀ ಜಾಈನ್’ ಎಂಬ ಭವಿಷ್ಯತ್ಕಾಲದಲ್ಲಿಯೂ ಲಿಂಗವಿಲ್ಲ. ಆದರೆ ಇಡೀ ಕಾದಂಬರಿಯನ್ನು ಇಂಥ ಸಂದುಗಳಲ್ಲೇ ನಡೆಸಲು ಹೊರಟರೆ ಭಾಷೆ ಕುಂಟತೊಡಗುತ್ತದೆ.

ಆ ಭಾಷೆಗಳಲ್ಲಿ ವಸ್ತುಗಳಿಗೂ ಲಿಂಗವಿದೆ. ನಮ್ಮ ಮುಂಬಯಿಗೆ ಹತ್ತಿರದ ಮಾಥೇರಾನಿನಲ್ಲಿ 1938ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ ನಿಮಗೆ ಗೊತ್ತಿರಬಹುದು. ಅದರಲ್ಲಿ ಊರ ಮನೆಗಳ ದೀಪದ ಜ್ವಾಲೆಗಳು ರಾತ್ರಿ ಗುಡಿಯಲ್ಲಿ ಸೇರಿ ಹೆಣ್ಣುದನಿಯಲ್ಲಿ ಹರಟುತ್ತವೆ. ಕನ್ನಡದಲ್ಲಿ ದೀಪವೂ ಜ್ಯೋತಿಯೂ ನಪುಂಸಕಲಿಂಗ, ಹೆಣ್ತನ ಬರುವುದು ನಟಿಯರ ದನಿಯಿಂದ. ಮರಾಠಿಯಲ್ಲಿ ‘ದಿವಾ’ ಪುಲ್ಲಿಂಗ, ‘ಜ್ಯೋತ’ ಸ್ತ್ರೀಲಿಂಗ. ಹಿಂದಿಯಲ್ಲೂ ‘ದೀಯಾ’ ಪುಲ್ಲಿಂಗ, ‘ಜ್ಯೋತಿ’ ಸ್ತ್ರೀಲಿಂಗ. ಅನುವಾದಕರು ‘ದಿವಾ’ ಎಂದು ಬರೆದರೆ ಗಂಡು ಪದವೊಂದು ಹೆಣ್ಣಿನಂತೆ ಮಾತಾಡಿ ಇಡೀ ದೃಶ್ಯ ಮುಜುಗರಕ್ಕೆ ಸಿಕ್ಕುತ್ತದೆ. ಹೀಗೆ ವಸ್ತುವೊಂದು ರಂಗದ ಮೇಲೆ ಬಂದು ಮಾತಾಡುವಾಗ ಅರ್ಥ ಒಂದೇ ಇರುವ ಎರಡು ಪದಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಲಿಂಗವೇ ತೀರ್ಮಾನಿಸುತ್ತದೆ.

ನಿಮ್ಮ ಅನುವಾದ ಮುಗಿದ ಮೇಲೆ ಒಂದು ಕೆಂಪು ಪೆನ್ನು ಹಿಡಿದುಕೊಳ್ಳಿ. ಕನ್ನಡ ಪ್ರತಿಯಲ್ಲಿ ‘ನು’, ‘ಳು’ ಎಂದು ಮುಗಿಯುವ ಕ್ರಿಯಾಪದಗಳಿಗೆ, ಅವನು, ಅವಳು, ಒಬ್ಬ, ಒಬ್ಬಳು ಎಂಬ ಪದಗಳಿಗೆ ಅಡಿಗೆರೆ ಎಳೆಯಿರಿ. ಆಡುಮಾತಿನ ‘ಬಂದ’, ‘ಹೋದ’ ಬಿಟ್ಟುಹೋಗದಿರಲಿ, ಅವೂ ಗಂಡೇ. ಪ್ರತಿಯೊಂದು ಗೆರೆಗೂ ಮೂಲದಲ್ಲಿ ಆಧಾರವಾಗುವ ಒಂದು ಪದವನ್ನು ಬೆರಳಿಟ್ಟು ತೋರಿಸಲು ಸಾಧ್ಯವೇ ನೋಡಿ. ಸಾಧ್ಯವಾಗದ ಕಡೆಯೆಲ್ಲ ಕತೆ ಹೇಳಿದವರು ಲೇಖಕರಲ್ಲ, ನೀವು. ಅಷ್ಟನ್ನು ಮಾತ್ರ ಮತ್ತೆ ಬರೆಯಿರಿ.