ಒಂದು ಮಸಾಲೆ ದೋಸೆ, ನಾಲ್ಕು ಚೀಟಿ

ಇಂಗ್ಲಿಷ್ ಮೆನುವಿನಲ್ಲಿ ‘ವೀಗನ್’ ಎಂದಿರುವುದನ್ನು ಕನ್ನಡದಲ್ಲಿ ‘ಶುದ್ಧ ಸಸ್ಯಾಹಾರ’ ಎಂದು ಬರೆಯುವವರಿದ್ದಾರೆ. ಗೊಂದಲ ಶುರುವಾಗುವುದೇ ಅಲ್ಲಿ. ನಮ್ಮ ಊರುಗಳಲ್ಲಿ ಶುದ್ಧ ಸಸ್ಯಾಹಾರವೆಂದರೆ ಮಾಂಸ, ಮೀನು, ಮೊಟ್ಟೆ ಸೇರದ ಅಡುಗೆ. ಹಾಲು, ಮೊಸರು, ತುಪ್ಪಕ್ಕೆ ಅಲ್ಲಿ ಅಡ್ಡಿಯಿಲ್ಲ. ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯ ಅರ್ಥವೂ ಅಷ್ಟೇ. ವೀಗನ್ ಊಟದಲ್ಲಾದರೋ ಹಾಲಿನಿಂದ ಬಂದದ್ದು ಯಾವುದೂ ಇರಕೂಡದು, ಜೇನುತುಪ್ಪವೂ ಸಲ್ಲದು. ಅದಕ್ಕೇ 2022ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ಆಹಾರಕ್ಕೆಂದು ಬೇರೆ ನಿಯಮವನ್ನೇ ತಂದಿತು.

ವ್ಯತ್ಯಾಸ ತಿಳಿಯಲು ಮಸಾಲೆ ದೋಸೆಯನ್ನೇ ನೋಡೋಣ. ದಿನವೂ ಹುಯ್ಯುವ ದೋಸೆ ಸಸ್ಯಾಹಾರವೇ ಸರಿ. ಅದು ವೀಗನ್ ಆಗಬೇಕಾದರೆ ತುಪ್ಪ, ಬೆಣ್ಣೆಯ ಬದಲು ಎಣ್ಣೆ ಹಾಕಬೇಕು, ಚಟ್ನಿಗೆ ಮೊಸರು ಬೆರೆಸಬಾರದು. ಈರುಳ್ಳಿ, ಆಲೂಗಡ್ಡೆ ಧಾರಾಳವಾಗಿ ಇರಬಹುದು.

‘ಈರುಳ್ಳಿ ಬೆಳ್ಳುಳ್ಳಿ ಇಲ್ಲ’ ಎಂದು ಬರೆದರೆ ಲೆಕ್ಕ ಬದಲಾಗುತ್ತದೆ. ಆಲೂಗಡ್ಡೆ, ತುಪ್ಪ ಎರಡೂ ನಡೆಯುತ್ತವೆ. ಆದರೆ ಪಲ್ಯದಿಂದ ಈರುಳ್ಳಿ ತೆಗೆದರೆ ಸಾಲದು. ಒಳಗೆ ಸವರುವ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಇರುತ್ತದೆ, ಸಾಂಬಾರಿನಲ್ಲಿ ಈರುಳ್ಳಿ ಇರುತ್ತದೆ. ಎಷ್ಟೋ ಕಡೆ ಕಾವಲಿಯನ್ನು ಉಜ್ಜುವುದೇ ಅರ್ಧ ಹೋಳಿನ ಈರುಳ್ಳಿಯಿಂದ. ಈ ಚೀಟಿ ಅಂಟಿಸುವ ಮೊದಲು ಕಾವಲಿಯ ಮುಂದೆ ಐದು ನಿಮಿಷ ನಿಂತು ನೋಡಬೇಕು.

ಜೈನರ ಅಡುಗೆಯನ್ನೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಎಂದಷ್ಟೇ ತಿಳಿಯುವುದು ಇನ್ನೊಂದು ತಪ್ಪು. ಮಣ್ಣಿನಡಿ ಬೆಳೆಯುವ ಗೆಡ್ಡೆ ಕಿತ್ತರೆ ಅದನ್ನು ಆಶ್ರಯಿಸಿದ ಅಸಂಖ್ಯ ಜೀವಗಳಿಗೆ ಹಿಂಸೆ ಎಂಬುದು ಅವರ ನಂಬಿಕೆ. ಹಾಗಾಗಿ ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿ ಬರುವಂತಿಲ್ಲ. ಒಣಶುಂಠಿಯನ್ನೂ ಅರಿಸಿನ ಪುಡಿಯನ್ನೂ ಸಾಮಾನ್ಯವಾಗಿ ಬಳಸುತ್ತಾರೆ. ಆಲೂಗಡ್ಡೆಯ ಜಾಗದಲ್ಲಿ ಬಾಳೆಕಾಯಿ ಪಲ್ಯ ಒಪ್ಪುತ್ತದೆ. ಹಾಲು, ತುಪ್ಪ ಉಂಟು, ಜೇನು ಇಲ್ಲ. ಕಟ್ಟುನಿಟ್ಟಿನವರು ರಾತ್ರಿಯಿಡೀ ಹುದುಗಿದ ಹಿಟ್ಟನ್ನೂ ಮುಟ್ಟುವುದಿಲ್ಲ. ಅಂಥವರಿಗೆ ಈ ದೋಸೆಯೇ ಹೊಂದದು. ಮನೆಯಿಂದ ಮನೆಗೆ ಆಚರಣೆ ಬೇರೆಯಾಗುವುದರಿಂದ ಅತಿಥಿಯನ್ನು ಕೇಳಿ ತಿಳಿಯುವುದೇ ಸರಿಯಾದ ದಾರಿ.

ಹಾಗಾದರೆ ಚೀಟಿಯಲ್ಲಿ ಏನೆಂದು ಬರೆಯಬೇಕು? ಹೆಸರಿನ ಪಕ್ಕದಲ್ಲೇ ಏನಿಲ್ಲ ಎಂಬುದನ್ನೂ ಬರೆದರೆ ಸಾಕು. ‘ಸಸ್ಯಾಹಾರ: ಹಾಲು, ತುಪ್ಪ ಇರಬಹುದು, ಮೊಟ್ಟೆ ಇಲ್ಲ.’ ‘ವೀಗನ್: ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು, ಮೊಟ್ಟೆ ಯಾವುದೂ ಇಲ್ಲ.’ ‘ಈರುಳ್ಳಿ ಬೆಳ್ಳುಳ್ಳಿ ಇಲ್ಲ: ಆಲೂಗಡ್ಡೆ ಇದೆ.’ ‘ಜೈನ್: ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು, ಜೇನು ಇಲ್ಲ, ತುಪ್ಪ ಇದೆ.’ ‘ಸಾತ್ವಿಕ’ ಎಂದಷ್ಟೇ ಬರೆಯುವುದು ಬೇಡ, ಅದನ್ನು ಓದಿದವರಿಗೆ ಆಲೂಗಡ್ಡೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಕೊನೆಗೆ ಸೌಟು. ನಾಲ್ಕು ಪಾತ್ರೆಗೂ ಒಂದೇ ಸೌಟು ಓಡಾಡಿದರೆ ಎಷ್ಟು ಸರಿಯಾಗಿ ಬರೆದ ಚೀಟಿಯೂ ಸುಳ್ಳಾಗುತ್ತದೆ.